ತಮಾಷೆ ಯಾವಾಗ ಅಗೌರವವಾಗುತ್ತದೆ?

ಪ್ರಶ್ನೆ: ಗೆಳೆಯರು, ನೆಂಟರ ಮುಂದೆ ಗಂಡ ನನ್ನನ್ನೇ ಜೋಕ್ ಮಾಡ್ತಾರೆ. ಕೇಳಿದ್ರೆ ‘ಸುಮ್ನೆ ತಮಾಷೆಗೆ’ ಅಂತಾರೆ. ನಾನೇ ಜಾಸ್ತಿ ತಲೆಗೆ ಹಚ್ಕೊಳ್ತಿದ್ದೀನಾ?

ಉತ್ತರ: ಇಲ್ಲ. ಬೇಡ ಅಂದ ಮೇಲೆ ಏನಾಗುತ್ತದೆ ನೋಡಿ. ನಿಮಗೆ ನೋವಾಗಿದೆ ಎಂದು ಗೊತ್ತಿದ್ದೂ ಅದೇ ಮಾತು ಮತ್ತೆ ಬಂದರೆ, ಅದು ಅಗೌರವ. ನಂಬಿ ಹೇಳಿಕೊಂಡ ಗುಟ್ಟು ಜೋಕ್ ಆದರಂತೂ ಇನ್ನೂ ಕೆಟ್ಟದ್ದು.

ಕೆಲಸ ಹೋದ ರಾತ್ರಿ ನಾನು ಅತ್ತಿದ್ದನ್ನು ನನ್ನವರು ನೆಂಟರ ಮುಂದೆ ನಟಿಸಿ ತೋರಿಸಿದ್ದರು. ಎಲ್ಲರೂ ನಕ್ಕರು. ಮುಜುಗರಕ್ಕೆ ನಾನೂ ನಕ್ಕೆ. ಆ ನಗುವನ್ನೇ ಅವರು ಒಪ್ಪಿಗೆ ಅಂದುಕೊಂಡಿದ್ದರು! ಮರುದಿನ ಇಬ್ಬರೇ ಇದ್ದಾಗ ಹೇಳಿದೆ: “ನಿನ್ನೆ ನನ್ನ ಅಳು ತೋರಿಸಿದ್ರಲ್ಲ, ತುಂಬಾ ನೋವಾಯ್ತು. ಆ ವಿಷಯ ಇನ್ನು ಯಾರ ಮುಂದೆಯೂ ಬೇಡ.” ‘ನೀವು ಯಾವಾಗಲೂ ಹೀಗೇ’ ಅನ್ನಲಿಲ್ಲ. ಹಾಗಂದಿದ್ದರೆ ವಾದ ಬೇರೆಲ್ಲೋ ಹೋಗುತ್ತಿತ್ತು. ಅವರು ಕ್ಷಮೆ ಕೇಳಿದರು, ಮತ್ತೆ ಆ ಮಾತು ಎತ್ತಲಿಲ್ಲ.

ನಿಮ್ಮವರು ‘ನಿನಗೆ ತಮಾಷೆನೇ ಅರ್ಥ ಆಗಲ್ಲ’ ಎಂದು ಮುಂದುವರಿಸಿದರೆ, ಮುಂದಿನ ಸಲ ನಗಬೇಡಿ. ಎಲ್ಲರ ಎದುರೇ ಶಾಂತವಾಗಿ “ಈ ವಿಷಯ ಬೇಡ” ಅನ್ನಿ. ಅದಕ್ಕೂ ಬಗ್ಗದೆ, ಮನೆಯಲ್ಲೂ ನಿಮ್ಮನ್ನು ಕೀಳಾಗಿ ಕಾಣುತ್ತಿದ್ದರೆ ಆಪ್ತ ಸಮಾಲೋಚಕರ ಹತ್ತಿರ ಮಾತಾಡಿ. ಅವರು ಬರದಿದ್ದರೂ ನೀವೊಬ್ಬರೇ ಹೋಗಬಹುದು.