ಸೆಟ್ ಕೋಡ್ ತಪ್ಪಿದ್ದು ಯಂತ್ರಕ್ಕೆ ಗೊತ್ತಾಗುವುದಿಲ್ಲ

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ಬೋರ್ಡ್ ಪರೀಕ್ಷೆಗೆ ಮೊದಲು ಶಾಲೆಯಲ್ಲಿ ಓಎಂಆರ್ ಮಾದರಿಯ ಮಾಕ್ ಟೆಸ್ಟ್ ಇದೆ. ರೋಲ್ ನಂಬರಿನ ಒಂದು ವೃತ್ತ ತಪ್ಪಿದರೂ ಸೊನ್ನೆ ಬರುತ್ತದೆಯೇ ಎಂದು ಭಯ. ಸೆಟ್ ಕೋಡನ್ನು ಕೊನೆಯಲ್ಲಿ ತುಂಬಿದರೆ ಆಗುತ್ತದೆಯೇ?

ನಾನೂ ನಿಮ್ಮ ಹಾಗೆ ರೋಲ್ ನಂಬರಿಗೇ ಹೆದರಿ ಕುಳಿತಿದ್ದವನು. ಅವೆನ್ಯೂ ರಸ್ತೆಯಿಂದ ಖಾಲಿ ಓಎಂಆರ್ ಹಾಳೆಗಳ ಕಟ್ಟು ತಂದು ಮನೆಯಲ್ಲಿ ಅಂಕಿ ಅಂಕಿಯಾಗಿ ಅಭ್ಯಾಸ ಮಾಡಿದ್ದೆ. ಪರೀಕ್ಷೆಯ ದಿನ ಆ ಭಾಗದಲ್ಲಿ ಒಂದು ಚುಕ್ಕೆಯೂ ತಪ್ಪಲಿಲ್ಲ. ನನ್ನ ಅಂಕ ಹೋದದ್ದು ಸೆಟ್ ಕೋಡಿನಿಂದ.

ಅಂದು ವಿಜ್ಞಾನ ಪತ್ರಿಕೆ, 40 ಪ್ರಶ್ನೆಗಳು, ನಾಲ್ಕು ಸೆಟ್‌ಗಳು. ನನ್ನ ಕೈಗೆ ಬಂದ ಪುಸ್ತಿಕೆಯ ಮುಖಪುಟದ ಬಲ ಮೂಲೆಯಲ್ಲಿ, ಸಣ್ಣ ಚೌಕದೊಳಗೆ ‘ಸಿ’ ಎಂದಿತ್ತು. ಓಎಂಆರ್ ಹಾಳೆಯ ಚೌಕದಲ್ಲಿ ಸಿ ಎಂದು ಬರೆದು, ಅದರ ಕೆಳಗಿನ ಸಿ ವೃತ್ತವನ್ನು ಬಾಲ್ ಪೆನ್ನಿನಲ್ಲಿ ಕಪ್ಪಾಗಿಸಿದೆ. ಹಾಜರಾತಿ ಹಾಳೆ ಬಂದಾಗ ಅಲ್ಲಿಯೂ ಸಿ ಎಂದು ಬರೆದು ಸಹಿ ಹಾಕಿದೆ. ಇಷ್ಟಾದ ಮೇಲೆ ಪುಟ ತಿರುವಿ ನೋಡಿದರೆ 6ನೇ ಪುಟದ ಬೆನ್ನಿಗೇ 9ನೇ ಪುಟ! ಪಿನ್ನು ಹೊಡೆಯುವಾಗ ಒಂದು ಹಾಳೆ ಬಿಟ್ಟುಹೋಗಿತ್ತು. ಕೈಯೆತ್ತಿದೆ. ಕೊಠಡಿ ಮೇಲ್ವಿಚಾರಕರು ಒಂದು ಮಾತೂ ಆಡದೆ ಆ ಪುಸ್ತಿಕೆ ತೆಗೆದುಕೊಂಡು, ಮೇಜಿನ ಮೇಲೆ ಉಳಿದಿದ್ದ ಇನ್ನೊಂದನ್ನು ಕೊಟ್ಟರು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಈ ಬಾರಿ ಪುಟಗಳನ್ನು ಎಣಿಸಿಕೊಂಡೆನೇ ಹೊರತು ಮುಖಪುಟದ ಮೂಲೆಯನ್ನು ಮತ್ತೆ ನೋಡಲಿಲ್ಲ. ಅಲ್ಲಿ ಇದ್ದದ್ದು ‘ಎ’.

ಫಲಿತಾಂಶದಲ್ಲಿ 40ಕ್ಕೆ 9 ಬಂತು. ಸಾಮಾನ್ಯವಾಗಿ ಎಲ್ಲ ಸೆಟ್‌ಗಳಲ್ಲಿಯೂ ಪ್ರಶ್ನೆಗಳು ಅವೇ ಇರುತ್ತವೆ, ಅವುಗಳ ಕ್ರಮ ಮಾತ್ರ ಬೇರೆ. ಆದ್ದರಿಂದ ಪ್ರತಿ ಸೆಟ್‌ಗೂ ಪ್ರತ್ಯೇಕ ಕೀ ಉತ್ತರ ಇರುತ್ತದೆ. ಯಂತ್ರವು ನಿಮ್ಮ ಪುಸ್ತಿಕೆಯನ್ನು ನೋಡುವುದೇ ಇಲ್ಲ, ಚೌಕದಲ್ಲಿ ಕೈಯಿಂದ ಬರೆದ ಅಕ್ಷರವನ್ನೂ ಓದುವುದಿಲ್ಲ. ಯಾವ ವೃತ್ತ ಕಪ್ಪಾಗಿದೆಯೋ ಆ ಸೆಟ್‌ನ ಕೀ ಉತ್ತರವನ್ನು ತೆಗೆದು ತಾಳೆ ನೋಡುತ್ತದೆ. ನನ್ನ ಮೊದಲ ಐದು ಉತ್ತರಗಳು 3, 1, 4, 2, 2 ಆಗಿದ್ದವು. ಎ ಸೆಟ್‌ನ ಪ್ರಕಾರ ಐದೂ ಸರಿ. ಆದರೆ ಸಿ ಸೆಟ್‌ನ ಕೀ ಉತ್ತರ 2, 1, 3, 4, 1 ಎಂದಿತ್ತು. ಎರಡನೆಯದೊಂದು ಮಾತ್ರ ಆಕಸ್ಮಿಕವಾಗಿ ಹೊಂದಿತು. ಹೀಗೆಯೇ ನಲವತ್ತೂ ಪ್ರಶ್ನೆಗಳು. ನಾಲ್ಕು ಆಯ್ಕೆಗಳಿರುವಾಗ ಕಣ್ಣುಮುಚ್ಚಿ ತುಂಬಿದರೂ ಸರಾಸರಿ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, ಅಂದರೆ 40ಕ್ಕೆ ಸುಮಾರು 10. ಚೆನ್ನಾಗಿ ಬರೆದಿದ್ದರೂ ಅಂಕ ಈ ಕಾಲುಭಾಗದ ಆಸುಪಾಸಿಗೆ ಬಂದು ನಿಂತಿದ್ದರೆ ಮೊದಲು ಸಂಶಯ ಪಡಬೇಕಾದದ್ದು ಸೆಟ್ ಕೋಡನ್ನೇ. ನಾನು ಪುಸ್ತಿಕೆಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿಕೊಂಡಿದ್ದೆ, ಮನೆಗೆ ತರಲೂ ಬಿಟ್ಟಿದ್ದರು. ಆ ಗುರುತುಗಳನ್ನು ಎ ಸೆಟ್‌ನ ಕೀ ಉತ್ತರದೊಂದಿಗೆ ಹೋಲಿಸಿದಾಗ 33 ಸರಿ ಇದ್ದವು. ವಿಜ್ಞಾನದ ಮೇಡಂ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಅಂಕ ತಿದ್ದಿಕೊಟ್ಟರು. ಆದರೆ ತಿದ್ದುವ ಮೊದಲಿನ ಅಂಕಗಳ ಮೇಲೆ, ಚೆನ್ನಾಗಿ ಬರೆದವರಿಗೆಂದು ಮಾಡಿದ ಬೆಳಗಿನ ವಿಶೇಷ ತರಗತಿಯ ಪಟ್ಟಿ ಆಗಲೇ ಹೊರಬಿದ್ದಿತ್ತು, ಅದರಲ್ಲಿ ನನ್ನ ಹೆಸರು ಸೇರಲಿಲ್ಲ.

ಈಗ ನಿಮ್ಮ ರೋಲ್ ನಂಬರಿನ ವಿಷಯ. ಅದು ತಪ್ಪಿದರೆ ಬಹುತೇಕ ಸಿಕ್ಕಿಬೀಳುತ್ತದೆ. ನೀವು ತುಂಬಿದ ಸಂಖ್ಯೆ ಶಾಲೆಯ ಪಟ್ಟಿಯಲ್ಲಿ ಇರುವುದಿಲ್ಲ, ಇಲ್ಲವೇ ಒಂದೇ ಸಂಖ್ಯೆಗೆ ಎರಡು ಹಾಳೆಗಳು ಬರುತ್ತವೆ. ತಂತ್ರಾಂಶ ಅಂಥ ಹಾಳೆಯನ್ನು ಬೇರೆ ತೆಗೆದಿಡುತ್ತದೆ. ಆಮೇಲೆ ಹಾಜರಾತಿ ಹಾಳೆಯನ್ನೂ ನೀವು ಕೈಯಿಂದ ಬರೆದ ಹೆಸರನ್ನೂ ನೋಡಿ ಸರಿಪಡಿಸಬಹುದು. ಸೆಟ್ ಕೋಡಿಗೆ ಈ ರಕ್ಷಣೆ ಇಲ್ಲ. ಎ, ಬಿ, ಸಿ, ಡಿ ನಾಲ್ಕೂ ಚಾಲ್ತಿಯಲ್ಲಿರುವ ಕೋಡ್‌ಗಳೇ ಆದ್ದರಿಂದ ತಪ್ಪು ಕೋಡ್ ಕೂಡ ಯಂತ್ರದ ಕಣ್ಣಿಗೆ ಸರಿಯಾದದ್ದಾಗಿಯೇ ಕಾಣುತ್ತದೆ. ನನ್ನ ವಿಷಯದಲ್ಲಂತೂ ಹಾಜರಾತಿ ಹಾಳೆಯೂ ಸಿ ಎಂದೇ ಹೇಳುತ್ತಿತ್ತು. ರೋಲ್ ನಂಬರಿನಲ್ಲಿ ಎಚ್ಚರ ಬೇಕಾದದ್ದು ಸೊನ್ನೆಯ ಬಳಿ ಮಾತ್ರ. ಮೊದಲ ಅಂಕಿ ಸೊನ್ನೆಯಾಗಿದ್ದರೆ ಆ ಕಂಬವನ್ನು ಖಾಲಿ ಬಿಡದೆ ಸೊನ್ನೆಯ ವೃತ್ತವನ್ನೇ ತುಂಬಬೇಕು; ಕೆಲವು ಹಾಳೆಗಳಲ್ಲಿ ಸೊನ್ನೆ ಮೇಲಿನ ಸಾಲಿನಲ್ಲಿರುತ್ತದೆ, ಕೆಲವುಗಳಲ್ಲಿ ಒಂಬತ್ತರ ಕೆಳಗೆ. ಅಂಕಿಗಳನ್ನು ಮೊದಲು ಮೇಲಿನ ಚೌಕಗಳಲ್ಲಿ ಬರೆದುಕೊಂಡು, ಒಂದೊಂದೇ ಕಂಬವನ್ನು ಇಳಿಯುತ್ತಾ ವೃತ್ತದೊಳಗಿನ ಅಂಕಿಯನ್ನು ಓದಿಯೇ ತುಂಬಿ; ಸಾಲು ಎಣಿಸಿ ತುಂಬಬೇಡಿ.

ಸೆಟ್ ಕೋಡನ್ನು ಕೊನೆಗೆ ಬಿಡುವ ಆಲೋಚನೆಯನ್ನು ಬಿಟ್ಟುಬಿಡಿ. ಕೊನೆಯ ಗಂಟೆಯ ಹೊತ್ತಿಗೆ ಮೇಲ್ವಿಚಾರಕರು ಹಾಳೆ ಎಳೆದುಕೊಳ್ಳುತ್ತಿರುತ್ತಾರೆ; ಆಗ ಖಾಲಿ ಉಳಿದ ಕೋಡ್ ಖಾಲಿಯೇ. ಹಾಗೆಂದು ಪುಸ್ತಿಕೆ ಕೈಗೆ ಬಂದ ಕ್ಷಣವೇ ತುಂಬುವುದನ್ನೂ ನಾನು ಒಪ್ಪುವುದಿಲ್ಲ, ಅನೇಕ ಶಿಕ್ಷಕರು ಹಾಗೆಯೇ ಹೇಳಿಕೊಟ್ಟರೂ ಸಹ. ಮೊದಲು ಪುಟಗಳನ್ನು ಪೂರ್ತಿ ಎಣಿಸಬೇಕು, ಪ್ರಶ್ನೆ ಸಂಖ್ಯೆಗಳು ಒಂದರಿಂದ ಕೊನೆಯವರೆಗೆ ಕಡಿಯದೆ ಬಂದಿವೆಯೇ ಎಂದು ನೋಡಬೇಕು, ಒಳಪುಟಗಳ ಅಂಚಿನಲ್ಲಿ ಸೆಟ್ ಕೋಡ್ ಮುದ್ರಿಸಿದ್ದರೆ ಅದು ಮುಖಪುಟದ ಕೋಡಿನೊಂದಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಬೇಕು. ಪುಸ್ತಿಕೆ ಬದಲಾಗುವ ಪ್ರಮೇಯ ಇಲ್ಲವೆಂದು ಖಾತ್ರಿಯಾದ ಮೇಲೆ ವೃತ್ತ ತುಂಬಬೇಕು. ಇದಕ್ಕೆ ಎರಡು ನಿಮಿಷವೂ ಹಿಡಿಯುವುದಿಲ್ಲ. ಮುಂದೆ ನೀವು ಬರೆಯಬಹುದಾದ ಸಿಇಟಿಯಲ್ಲಿ ಪ್ರತಿ ಪತ್ರಿಕೆಗೆ ಒಟ್ಟು 80 ನಿಮಿಷ ಕೊಟ್ಟು ಉತ್ತರಿಸಲು 70 ನಿಮಿಷ ಇಟ್ಟಿರುವುದು ಇಂಥ ಕೆಲಸಗಳಿಗೆ ಬಿಡುವಿರಲೆಂದೇ; ಅಲ್ಲಿ ಸೆಟ್ ಕೋಡಿಗೆ ವರ್ಷನ್ ಕೋಡ್ ಎನ್ನುತ್ತಾರೆ, ಅಷ್ಟೇ.

ಕೋಡ್ ತುಂಬಿದ ಮೇಲೆಯೇ ದೋಷ ಕಂಡರೆ, ‘ಇದೇ ಸೆಟ್‌ನ ಪುಸ್ತಿಕೆ ಕೊಡಿ ಸಾರ್’ ಎಂದು ಸೆಟ್‌ನ ಹೆಸರು ಹೇಳಿಯೇ ಕೇಳಿ. ಅದು ಇಲ್ಲವೆಂದರೆ ಹೊಸ ಓಎಂಆರ್ ಹಾಳೆ ಕೇಳಿ. ಹಳೆಯ ವೃತ್ತದ ಪಕ್ಕದಲ್ಲಿ ಇನ್ನೊಂದನ್ನು ತುಂಬುವುದಾಗಲಿ, ವೈಟ್ನರ್ ಬಳಿಯುವುದಾಗಲಿ, ಬ್ಲೇಡಿನಿಂದ ಕೆರೆಯುವುದಾಗಲಿ ಬೇಡ: ಎರಡು ಕೋಡ್ ಕಪ್ಪಾಗಿರುವ ಹಾಳೆಯನ್ನು ಶಾಲೆಯ ಮಾಕ್ ಟೆಸ್ಟ್‌ನಲ್ಲಿ ಯಾರಾದರೂ ಕೂತು ನೋಡಿಯಾರು, ದೊಡ್ಡ ಪರೀಕ್ಷೆಗಳಲ್ಲಿ ಅದು ತಿರಸ್ಕೃತವಾಗುವ ಸಂಭವವೇ ಹೆಚ್ಚು. ಹಾಳೆಯೋ ಪುಸ್ತಿಕೆಯೋ, ಯಾವುದು ಬದಲಾದರೂ ಮೇಲ್ವಿಚಾರಕರು ಕೊಠಡಿಯ ಇನ್ನೊಂದು ಸಾಲಿಗೆ ಹೋಗುವ ಮೊದಲು ಹಾಜರಾತಿ ಹಾಳೆಯನ್ನು ಮತ್ತೆ ತರಿಸಿ, ನಿಮ್ಮ ಸಾಲಿನಲ್ಲಿ ಹೊಸ ಕೋಡ್ ಬರೆಸಿ, ಪಕ್ಕದಲ್ಲಿ ಅವರ ಸಹಿಯನ್ನೂ ಹಾಕಿಸಿಕೊಳ್ಳಿ.