ಗೋಡೆಯಿಲ್ಲದ ಕಚೇರಿಯಲ್ಲಿ ಲೆಕ್ಕ ತಾಳೆ ನೋಡುವುದು

ಪ್ರಶ್ನೆ: ನಮ್ಮ ಕಚೇರಿಯಲ್ಲಿ ಎಲ್ಲರೂ ಒಂದೇ ಹಜಾರದಲ್ಲಿ ಕೂರುತ್ತೇವೆ. ಸುತ್ತ ಮಾತು, ಫೋನು, ಗಳಿಗೆಗೊಮ್ಮೆ ಬಂದು ಏನಾದರೂ ಕೇಳುವವರು. ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಈಗೀಗ ಸಹೋದ್ಯೋಗಿಗಳ ಮುಖ ಕಂಡರೇ ಸಿಟ್ಟು ಬರುತ್ತದೆ. ನನ್ನ ಸ್ವಭಾವವೇ ಕೆಟ್ಟಿದೆಯೇ?

ಕೆಟ್ಟಿಲ್ಲ. ನಾನು ಬೆಂಗಳೂರಿನ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ, ನಮ್ಮದೂ ಅಂಥದೇ ಹಜಾರ. ಪ್ರತಿ ತಿಂಗಳ 14ಕ್ಕೆ, ನಮಗೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿ ಸಿಗುತ್ತದೆ, 20ರೊಳಗೆ ನಮ್ಮ ತೆರಿಗೆ ರಿಟರ್ನ್ ಆದ 3ಬಿ ಸಲ್ಲಿಸಬೇಕು. ನಡುವಿನ ದಿನಗಳಲ್ಲಿ ನಮ್ಮ ಖರೀದಿ ಲೆಕ್ಕವನ್ನು 2ಬಿಯೊಂದಿಗೆ ತಾಳೆ ನೋಡುತ್ತೇವೆ. ತಂತ್ರಾಂಶಕ್ಕೆ ಹೊಂದದೆ ಉಳಿದ ಬಿಲ್ಲುಗಳನ್ನು ಕಣ್ಣಾರೆ ಹುಡುಕಬೇಕು. ಬಿಲ್ಲಿನ ಸಂಖ್ಯೆಯನ್ನು ಒಂದು ಕಡೆ ಓದಿ, ಮನಸ್ಸಿನಲ್ಲಿ ಹಿಡಿದು, ಇನ್ನೊಂದು ಕಡೆ ಹುಡುಕುವ ಆ ಕೆಲವೇ ಕ್ಷಣಗಳಲ್ಲಿ ಪಕ್ಕದವರು ಫೋನಿನಲ್ಲಿ "ನಾಲ್ಕು ಲಕ್ಷದ ಹನ್ನೆರಡು ಸಾವಿರ" ಎಂದರೆ ಮುಗಿಯಿತು, ಹಿಡಿದದ್ದು ಕೈಜಾರುತ್ತದೆ.

ಇದಕ್ಕೆ ಕಾರಣವಿದೆ. ಅಂಕಿಗಳನ್ನು ನೆನಪಿಟ್ಟುಕೊಳ್ಳುವಾಗ ನಾವು ಅವನ್ನು ಒಳಗೊಳಗೇ ಹೇಳಿಕೊಳ್ಳುತ್ತಿರುತ್ತೇವೆ. ಹೊರಗಿನ ಮಾತು ಬೇಡವೆಂದರೂ ಅದೇ ದಾರಿಗೆ ಅಡ್ಡ ಬರುತ್ತದೆ. ಮನಶ್ಶಾಸ್ತ್ರಜ್ಞರು 1970ರ ದಶಕದಿಂದಲೂ ಇದನ್ನು ಪರೀಕ್ಷಿಸಿದ್ದಾರೆ. ಸಾಮಾನ್ಯ ಮಟ್ಟದಲ್ಲಿ ಸದ್ದು ಎಷ್ಟು ಜೋರಾಗಿದೆ ಎಂಬುದಕ್ಕಿಂತ ಅದು ಕ್ಷಣಕ್ಷಣಕ್ಕೂ ಬದಲಾಗುತ್ತದೆಯೇ ಎಂಬುದೇ ಮುಖ್ಯವೆಂದು ತಿಳಿದುಬಂತು. ಎ.ಸಿ.ಯ ಗುಂಯ್‌ಗುಡುವಿಕೆ ನಮ್ಮನ್ನು ಕೆಣಕದಿದ್ದರೂ ಎರಡು ಮೇಜಿನಾಚೆಯ ಮೆಲುಮಾತು ಕೆಣಕುವುದು ಅದಕ್ಕೇ. ಫೋನಿನಲ್ಲಿ ಮಾತನಾಡುವವರು ಇನ್ನೂ ಕಷ್ಟ. ಇಬ್ಬರ ಪೂರ್ತಿ ಸಂಭಾಷಣೆಗಿಂತ ಒಬ್ಬರ ಮಾತಷ್ಟೇ ಕೇಳಿಸಿದಾಗ ಗಮನ ಹೆಚ್ಚು ಕೆಡುತ್ತದೆಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದರು. ಆ ಕಡೆಯವರು ಏನೆಂದಿರಬಹುದು ಎಂದು ಮನಸ್ಸು ತಾನಾಗಿ ಊಹಿಸತೊಡಗುತ್ತದೆ.

ಆದ್ದರಿಂದ ದುಬಾರಿ ಹೆಡ್‌ಫೋನ್ ಕೊಳ್ಳುವ ಮೊದಲು ಯೋಚಿಸಿ. ಸದ್ದು ರದ್ದು ಮಾಡುವ ಹೆಡ್‌ಫೋನ್‌ಗಳು ಎ.ಸಿ., ಫ್ಯಾನಿನಂಥ ತಗ್ಗಿದ, ಏಕರೀತಿಯ ಸದ್ದನ್ನು ಚೆನ್ನಾಗಿ ಅಳಿಸುತ್ತವೆ. ಮಾತನ್ನು ಅಷ್ಟು ಅಳಿಸುವುದಿಲ್ಲ. ಗುಂಯ್‌ಗುಡುವಿಕೆ ಹೋದ ಮೇಲೆ ಉಳಿದ ಮಾತು ಇನ್ನೂ ಸ್ಪಷ್ಟವಾಗಿ ಕೇಳಿಸುವುದೂ ಉಂಟು. ಹಾಡು ಹಾಕಿದರೆ ಅದೂ ಮಾತೇ ಆಯಿತು. ಸಣ್ಣ ದನಿಯಲ್ಲಿ ಬಿಡದೆ ಸುರಿಯುವ ಮಳೆಯ ಸದ್ದನ್ನು ಹಾಕಿ ನೋಡಿ. ಪಕ್ಕದವರು ಮಾತನಾಡುತ್ತಿದ್ದಾರೆಂದು ತಿಳಿಯಬೇಕು, ಏನೆನ್ನುತ್ತಿದ್ದಾರೆಂದು ತಿಳಿಯಬಾರದು. ಅಷ್ಟು ದನಿ ಸಾಕು.

ಬಂದು ಕೇಳುವವರನ್ನು ಹೆಡ್‌ಫೋನ್ ತಡೆಯುವುದಿಲ್ಲ. ಅಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದು ಚೀಟಿ. ಯಾರಾದರೂ "ಮೇಡಂ, ಒಂದು ನಿಮಿಷ" ಎಂದರೆ, ತಲೆಯೆತ್ತುವ ಮೊದಲು ಮುಂದಿನ ಹೆಜ್ಜೆಯನ್ನು ಬರೆಯುತ್ತೇನೆ: "ಸಾಲು 212, ತೆರಿಗೆ ಸರಿ, ದಿನಾಂಕ ನೋಡಬೇಕು." ಎಲ್ಲಿಯವರೆಗೆ ಆಯಿತು ಎಂದು ಬರೆದರೆ ಸಾಲದು, ಮುಂದೇನು ಎಂದು ಬರೆಯಬೇಕು. ಮರಳಿ ಬಂದಾಗ ಕಷ್ಟವಾಗುವುದು ಜಾಗ ಹುಡುಕುವುದಲ್ಲ, ಏನು ಮಾಡಹೊರಟಿದ್ದೆ ಎಂಬುದನ್ನು ಮತ್ತೆ ಕಟ್ಟಿಕೊಳ್ಳುವುದು.

ಇನ್ನು ಸಿಟ್ಟು. ಪಕ್ಕದವರ ಕುರ್ಚಿ ಕಿರ್ರೆಂದ ಕೂಡಲೇ, ಅವರು ಬಾಯಿ ತೆರೆಯುವ ಮೊದಲೇ, ನಿಮ್ಮ ದವಡೆ ಬಿಗಿಯುತ್ತಿದ್ದರೆ ಮುಂದೆ ಬರುವ ಸದ್ದಿಗೆ ಮೈ ಸಿದ್ಧವಾಗುತ್ತಿದೆ ಎಂದರ್ಥ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ 1970ರ ಆಸುಪಾಸಿನಲ್ಲಿ ಜನರನ್ನು ಕರ್ಕಶ ಸದ್ದಿನಲ್ಲಿ ಕೂರಿಸಿ, ಕೆಲವರಿಗೆ ಮಾತ್ರ ಅದನ್ನು ನಿಲ್ಲಿಸುವ ಗುಂಡಿ ಕೊಟ್ಟರು. ಆ ಗುಂಡಿಯನ್ನು ಒತ್ತದೆ ಇದ್ದವರೂ, ಅದಿಲ್ಲದವರಿಗಿಂತ ಹೆಚ್ಚು ತಾಳ್ಮೆಯಿಂದ ನಂತರದ ಒಗಟುಗಳನ್ನು ಬಿಡಿಸಲು ಹೆಣಗಿದರು. ನಿಲ್ಲಿಸಬಲ್ಲೆ ಎಂಬ ಅರಿವೇ ಅಷ್ಟು ಕೆಲಸ ಮಾಡಿತು.

ನಿಮಗೂ ಅಂಥದೊಂದು ಗುಂಡಿ ಬೇಕು. ಸಿಟ್ಟು ಏರಿದಾಗಲ್ಲ, ಊಟದ ಹೊತ್ತಿನಲ್ಲಿ ಮಾತನಾಡಿ. ನಾನು ಪಕ್ಕದವರಿಗೆ ಹೇಳಿದ್ದು ಇಷ್ಟು: "ಸರ್, ನೀವು ಫೋನಿನಲ್ಲಿ ಅಂಕಿ ಹೇಳಿದಾಗ ನನ್ನ ಅಂಕಿ ಮರೆತುಹೋಗುತ್ತದೆ. ಮೇಜಿನ ಮೇಲೆ ಕೆಂಪು ಕಡತ ನಿಲ್ಲಿಸಿದ್ದಾಗ ಮಾತ್ರ ಕರೆಯನ್ನು ಮೆಟ್ಟಿಲ ಬಳಿ ತೆಗೆದುಕೊಳ್ಳುತ್ತೀರಾ?" ಅವರು ಒಪ್ಪಿದರು. ಕಡತ ನಿಲ್ಲಿಸುವ ಪ್ರಸಂಗ ಅಪರೂಪ. ಉಳಿದ ಹೊತ್ತಿನಲ್ಲಿ ಅವರ ದನಿ ನನಗೀಗ ಅಷ್ಟು ಚುಚ್ಚುವುದಿಲ್ಲ.

ನಿಮ್ಮ ಪಕ್ಕದ ಸಾಲು ಪೂರ್ತಿ ದಿನವಿಡೀ ಗ್ರಾಹಕರೊಂದಿಗೆ ಮಾತನಾಡುವವರದ್ದಾದರೆ ಈ ಒಪ್ಪಂದ ನಡೆಯದು. ಮಾತೇ ಅವರ ಕೆಲಸ, ತಪ್ಪು ಆಸನ ವ್ಯವಸ್ಥೆಯದ್ದು. ಆಗ ಮೇಲಿನವರನ್ನೇ ಕೇಳಬೇಕು. ತೆರೆದ ಹಜಾರದಿಂದ ಒಡನಾಟ ಹೆಚ್ಚುತ್ತದೆ ಎಂದು ಅವರು ಹೇಳಬಹುದು. ಅದಕ್ಕೆ ಉತ್ತರವಿದೆ: ಎರಡು ದೊಡ್ಡ ಕಂಪನಿಗಳು ತೆರೆದ ಕಚೇರಿಗೆ ಬದಲಾದಾಗ ಬರ್ನ್‌ಸ್ಟೀನ್ ಮತ್ತು ಟರ್ಬನ್ ಎಂಬ ಸಂಶೋಧಕರು ಅಳೆದು ನೋಡಿದರು. ಮುಖಾಮುಖಿ ಮಾತುಕತೆ ಸುಮಾರು ಶೇ. 70ರಷ್ಟು ಇಳಿದಿತ್ತು, ಇಮೇಲ್ ಹೆಚ್ಚಿತ್ತು. 2018ರಲ್ಲಿ ಅದು ಪ್ರಕಟವಾಯಿತು. ಆದರೂ "ಗದ್ದಲ ಜಾಸ್ತಿ" ಎಂಬ ದೂರಿನೊಂದಿಗೆ ಹೋಗಬೇಡಿ, ದಿನಾಂಕದೊಂದಿಗೆ ಹೋಗಿ. "14ರಿಂದ 20ರವರೆಗೆ ಬೆಳಗಿನ ಎರಡು ಗಂಟೆ ಸಣ್ಣ ಸಭಾ ಕೊಠಡಿ ಬೇಕು, ತಾಳೆ ನೋಡುವ ಕೆಲಸವಿದೆ" ಎಂದು ಕೇಳಿದಾಗ ನಮ್ಮ ವ್ಯವಸ್ಥಾಪಕರು ಅಂದೇ ಒಪ್ಪಿದರು.