ವಂದನೆಯ ಕೆಳಗೆ ಅಡಗಿದ ನೋಟಿಸು

ತೀರಿಕೊಂಡ ನಮ್ಮ ದೊಡ್ಡಪ್ಪನ ಫ್ಲ್ಯಾಟ್ ಫ್ರಾನ್ಸಿನ ಲಿಯೋನ್‌ನಲ್ಲಿದೆ. ಮನೆ ಬೆಚ್ಚಗಿಡುವ ಬಾಯ್ಲರ್ ಕೆಟ್ಟಿದೆ ಎಂದು ಬಾಡಿಗೆದಾರರು ಫ್ರೆಂಚಿನಲ್ಲಿ ರಿಜಿಸ್ಟರ್ಡ್ ಪತ್ರ ಕಳಿಸಿದ್ದರು. ದೊಡ್ಡಮ್ಮನಿಗಾಗಿ ಪದಕ್ಕೆ ಪದ ಕನ್ನಡಕ್ಕೆ ತಂದೆ. ‘ಎಷ್ಟು ವಿನಯ! ದಸರಾ ಕಳೀಲಿ, ನೋಡೋಣ’ ಅಂದರು. ಎರಡೂ ಪ್ರತಿ ಜೊತೆಗಿಟ್ಟಿದ್ದೇನೆ. ನನ್ನ ಅನುವಾದದಲ್ಲಿ ತಪ್ಪಿದೆಯೇ?
– ಒಬ್ಬ ಓದುಗರು, ಮೈಸೂರು

ಪದಕ್ಕೆ ಪದ ಇಟ್ಟವರು ಮೋಸವನ್ನಂತೂ ಮಾಡುವುದಿಲ್ಲ. ಆ ಮಟ್ಟಿಗೆ ನಿಮ್ಮ ಶ್ರದ್ಧೆಗೆ ನಮಸ್ಕಾರ. ಆದರೆ ನಿಮ್ಮ ಕನ್ನಡದಲ್ಲಿ ಬಾಡಿಗೆದಾರ ಕೈಮುಗಿದು ನಿಂತಿದ್ದಾನೆ. ಮೂಲದಲ್ಲಿ ಅವನು ಬಾಗಿಲು ಬಡಿಯುತ್ತಿದ್ದಾನೆ.

ಕೊನೆಯ ಸಾಲನ್ನೇ ನೋಡಿ. ‘ನನ್ನ ವಿಶಿಷ್ಟ ವಂದನೆಗಳ ಅಭಿವ್ಯಕ್ತಿಯನ್ನು ಸ್ವೀಕರಿಸಬೇಕೆಂದು ಪ್ರಾರ್ಥಿಸುತ್ತೇನೆ’ ಎಂದು ಬರೆದಿದ್ದೀರಿ. ಫ್ರೆಂಚರು ಜಗಳದ ಪತ್ರಕ್ಕೂ ಇದೇ ಸಾಲು ಹಾಕುತ್ತಾರೆ. ನಮ್ಮ ‘ಇತಿ ತಮ್ಮ ವಿಶ್ವಾಸಿ’ ಇದ್ದ ಹಾಗೆ. ಅದರಲ್ಲಿ ವಿಶ್ವಾಸ ಹುಡುಕುವವರು ಯಾರು? ‘ವಂದನೆಗಳು’ ಎಂದು ಮುಗಿಸಿದ್ದರೆ ಸಾಕಿತ್ತು.

ಖಾರ ಇರುವುದು ಮೇಲೆ, ವಿಷಯದ ಸಾಲಿನಲ್ಲಿ. ‘ಮೀಜ್ ಆಂ ದಮ್ಯೂರ್’ ಎಂಬುದನ್ನು ನೀವು ‘ಮನೆಯಲ್ಲಿ ಇರಿಸುವಿಕೆ’ ಮಾಡಿದ್ದೀರಿ. ದಮ್ಯೂರ್ ಅಂದರೆ ಮನೆ ಹೌದು. ಇಲ್ಲಿ ಮಾತ್ರ ಅಲ್ಲ. ಇದು ‘ಇಷ್ಟು ದಿನದೊಳಗೆ ಕೆಲಸ ಮಾಡಿ’ ಎನ್ನುವ ಕಟ್ಟುನಿಟ್ಟಿನ ನೋಟಿಸು. ಮುಂದೆ ‘ಸೆಜೀರ್’ ಬಂದಿದೆ, ‘ನ್ಯಾಯಾಲಯವನ್ನು ಹಿಡಿಯುತ್ತೇನೆ’ ಎಂದಿದ್ದೀರಿ. ‘ಕೋರ್ಟಿಗೆ ಹೋಗುತ್ತೇನೆ’ ಅಂದಿದ್ದರೆ ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ಎರಡನೇ ಸಲ ಓದುತ್ತಿದ್ದರು, ಅಲ್ವಾ?

ನನ್ನದೊಂದು ಹಳೆಯ ನೋವು ಹೇಳುತ್ತೇನೆ. ಬೆಂಗಳೂರಿನಲ್ಲಿ ಬಾಡಿಗೆಗಿದ್ದಾಗ ತಾರಸಿ ಸೋರುತ್ತಿತ್ತು. ‘ತಮಗೆ ಬಿಡುವಾದಾಗ ದಯಮಾಡಿ ಗಮನಿಸಬೇಕು’ ಎಂದು ಬರೆದೆ. ಮಾಲೀಕರಿಗೆ ಎರಡು ಮಳೆಗಾಲ ಬಿಡುವಾಗಲಿಲ್ಲ. ಬ್ಯಾಂಕಿನ ಕನ್ನಡ ನೋಟಿಸುಗಳೂ ಹೀಗೇ. ಪದವೆಲ್ಲ ಕನ್ನಡ, ಸಾಲ ಕಟ್ಟಬೇಕೋ ಬೇಡವೋ ಎಂಬುದೇ ತಿಳಿಯುವುದಿಲ್ಲ. ಓದಿದವನು ಏನು ಮಾಡಬೇಕು ಎಂದು ಹೇಳದ ಅನುವಾದ ನನ್ನ ಲೆಕ್ಕದಲ್ಲಿ ಅರ್ಧ ಕೆಲಸ.

ಯಾರ ಖರ್ಚು ಎಂಬುದನ್ನೂ ಒಂದು ಟಿಪ್ಪಣಿಯಲ್ಲಿ ಹೇಳಬೇಕಿತ್ತು. ಫ್ರಾನ್ಸಿನ 1989ರ ಬಾಡಿಗೆ ಕಾನೂನಿನಲ್ಲಿ ಸಣ್ಣಪುಟ್ಟ ರಿಪೇರಿ ಬಾಡಿಗೆದಾರನದು. ಬಾಯ್ಲರಿನ ವರ್ಷದ ಸರ್ವಿಸ್ ಕೂಡ ಸಾಮಾನ್ಯವಾಗಿ ಅವನದೇ. ಹಳೆಯದಾಗಿ ಕೈಕೊಟ್ಟರೆ ಬದಲಿಸುವುದು ಮಾಲೀಕರ ಹೊಣೆ. ಬಾಡಿಗೆದಾರರು ಪತ್ರದಲ್ಲಿ ಬಳಸಿರುವ ‘ವೆತ್ಯುಸ್ತೆ’ ಎಂಬ ಪದದ ಅರ್ಥ ಅದೇ, ಕಾಲಕ್ಕೆ ಸವೆದದ್ದು. ನೀವು ‘ಪ್ರಾಚೀನತೆ’ ಎಂದಿದ್ದೀರಿ. ದೊಡ್ಡಮ್ಮ ಹಂಪಿ ನೆನೆಸಿಕೊಂಡಿರಬೇಕು! ಸರ್ವಿಸ್ ಮಾಡಿಸಿದ ಚೀಟಿಯ ಪ್ರತಿಯನ್ನೂ ಅವರು ಲಗತ್ತಿಸಿದ್ದಾರೆ. ಅಂದರೆ ತಮ್ಮ ಪಾಲಿನದು ಮುಗಿಸಿಯೇ ಬರೆದಿದ್ದಾರೆ.

ಪತ್ರ ತಲುಪಿದ 15 ದಿನದೊಳಗೆ ಎಂದು ಗಡುವಿದೆ. ಸ್ವೀಕೃತಿ ಚೀಟಿಗೆ ದೊಡ್ಡಮ್ಮ ಯಾವತ್ತು ಸಹಿ ಹಾಕಿದರು, ಮೊದಲು ಅದನ್ನು ಕೇಳಿ. ಲಿಯೋನ್‌ನಲ್ಲಿ ದಸರೆ ಹೊತ್ತಿಗೆ ಚಳಿ ಶುರುವಾಗಿರುತ್ತದೆ.